ಮೀಡಿಯೇಷನ್‌ನಲ್ಲಿ ಸಹಿ ಹಾಕಿದ ಮಾತ್ರಕ್ಕೆ ಡೈವೋರ್ಸ್ ಆಗಲ್ಲ

ಬಾಂಡ್ ಪೇಪರ್ ಮೇಲೆ ಗಂಡ ಹೆಂಡತಿ ಇಬ್ಬರೂ ಸಹಿ ಹಾಕಿ, ಎರಡೂ ಕಡೆಯ ಹಿರಿಯರು ಸಾಕ್ಷಿ ಹಾಕಿ, ನೋಟರಿ ಸೀಲ್ ಬಿದ್ದರೆ ಮದುವೆ ಮುಗಿಯಿತು ಎಂದು ನಂಬಿರುವವರು ಈಗಲೂ ಬೇಕಾದಷ್ಟು ಜನ ಇದ್ದಾರೆ. ಪೊಲೀಸ್ ಠಾಣೆಯಲ್ಲಿ ಬರೆಸಿಕೊಂಡ ಮುಚ್ಚಳಿಕೆಯನ್ನೇ ಡೈವೋರ್ಸ್ ಎಂದುಕೊಂಡು ಇನ್ನೊಂದು ಮದುವೆ ಆದವರೂ ಇದ್ದಾರೆ. ಆಮೇಲೆ ದ್ವಿಪತ್ನಿತ್ವದ ಕೇಸು ಬಿದ್ದಾಗ ಆ ಬಾಂಡ್ ಪೇಪರ್ ಕೈಹಿಡಿಯುವುದಿಲ್ಲ. ಕೆಲವು ಸಮುದಾಯಗಳಲ್ಲಿ ಹಿಂದಿನಿಂದ ನಡೆದುಬಂದ ರೂಢಿಯ ವಿಚ್ಛೇದನಕ್ಕೆ ಹಿಂದೂ ವಿವಾಹ ಕಾಯ್ದೆಯ 29(2)ನೇ ಕಲಮು ಜಾಗ ಬಿಟ್ಟಿದೆ, ನಿಜ. ಆದರೆ ಅಂಥ ರೂಢಿ ಇದೆ ಎಂದು ಕೋರ್ಟಿನಲ್ಲಿ ಸಾಬೀತು ಮಾಡಬೇಕು, ಅದು ಸುಲಭದ ಮಾತಲ್ಲ. ಆ ಕಾಯ್ದೆಯ ಕೆಳಗೆ ಬರುವ ಉಳಿದವರಿಗೆಲ್ಲ ಮದುವೆ ಮುಗಿಯುವುದು ಕೋರ್ಟಿನ ಅಂತಿಮ ಆದೇಶ, ಅಂದರೆ ಡಿಕ್ರಿಯಿಂದ ಮಾತ್ರ.

ಕೋರ್ಟೇ ಕಳಿಸಿದ ಮೀಡಿಯೇಷನ್‌ನಲ್ಲೂ ಇದೇ ಗೊಂದಲ ಕಾಣುತ್ತದೆ. ಒಪ್ಪಂದಕ್ಕೆ ಸಹಿ ಬಿದ್ದ ದಿನ ಎಲ್ಲರೂ ನಿಟ್ಟುಸಿರು ಬಿಟ್ಟು ಮನೆಗೆ ಹೋಗುತ್ತಾರೆ. ಆದರೆ ಆ ಕಾಗದಕ್ಕೂ ಡಿಕ್ರಿಗೂ ನಡುವೆ ಇನ್ನೂ ದಾರಿ ಇದೆ, ಕೇಸುಗಳು ಜಾಸ್ತಿ ಕೆಡುವುದೂ ಅಲ್ಲೇ. ಒಂದು ಜೋಡಿಯ ಕಥೆ ಇಟ್ಟುಕೊಂಡು ಆ ದಾರಿಯನ್ನು ನೋಡೋಣ. ಈ ಜೋಡಿ ಕಲ್ಪಿತ. ಆದರೆ ಫ್ಯಾಮಿಲಿ ಕೋರ್ಟಿನಲ್ಲಿ ಸ್ವಲ್ಪ ದಿನ ಓಡಾಡಿದವರಿಗೆ ಇವರ ಪರಿಚಯ ಚೆನ್ನಾಗಿಯೇ ಇರುತ್ತದೆ.

ಮದುವೆ 2016ರಲ್ಲಿ. ಒಬ್ಬಳು ಮಗಳು, ಈಗ ಏಳು ವರ್ಷ. 2023ರ ಫೆಬ್ರವರಿಯಿಂದ ಬೇರೆ ಬೇರೆ ಇದ್ದಾರೆ. 2024ರ ಆರಂಭದಲ್ಲಿ ಗಂಡ ಕ್ರೌರ್ಯದ ಕಾರಣ ಕೊಟ್ಟು ಡೈವೋರ್ಸ್ ಅರ್ಜಿ ಹಾಕಿದ. ಹೆಂಡತಿ ಜೀವನಾಂಶದ ಅರ್ಜಿ ಹಾಕಿದಳು, ಗಂಡನ ಮನೆಯಲ್ಲಿ ಕಿರುಕುಳ ಎಂದು 498ಎ ದೂರನ್ನೂ ಕೊಟ್ಟಳು. ಇಬ್ಬರ ಹೆಸರಿನಲ್ಲೂ ಒಂದು ಫ್ಲಾಟ್ ಇದೆ, ಅದರ ಮೇಲೆ ಬ್ಯಾಂಕ್ ಸಾಲ ಇದೆ. ಅಂದರೆ ಒಂದು ಜಗಳ, ಮೂರು ಕೇಸು, ಒಂದು ಸಾಲ.

ಕೋರ್ಟು ಯಾಕೆ ಕಳಿಸುತ್ತದೆ, ಯಾರ ಹತ್ತಿರ ಕಳಿಸುತ್ತದೆ

ಫ್ಯಾಮಿಲಿ ಕೋರ್ಟಿನ ಜಡ್ಜ್ ರಾಜಿಗೆ ಪ್ರಯತ್ನಿಸುವುದು ಔದಾರ್ಯದಿಂದಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮಿನ ಪ್ರಕಾರ ಅದು ಅವರ ಕರ್ತವ್ಯ. ರಾಜಿಗೆ ಅವಕಾಶ ಇದೆ ಅನ್ನಿಸಿದರೆ ವಿಚಾರಣೆಯನ್ನು ಮುಂದೂಡಬಹುದು. 2013ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ದಾಂಪತ್ಯದ ಕೇಸುಗಳಲ್ಲಿ ಸಮಾಲೋಚನೆ ಫಲಿಸದಿದ್ದರೆ ಪಕ್ಷಗಾರರ ಒಪ್ಪಿಗೆ ಪಡೆದು ಮೀಡಿಯೇಷನ್‌ಗೆ ಕಳಿಸಿ ಎಂದು ಫ್ಯಾಮಿಲಿ ಕೋರ್ಟುಗಳಿಗೆ ಹೇಳಿತು.

ಸಮಾಲೋಚನೆ ಮತ್ತು ಮೀಡಿಯೇಷನ್, ಇವೆರಡೂ ಒಂದೇ ಅಲ್ಲ. ಕೌನ್ಸೆಲರ್ ಕೋರ್ಟಿನ ವ್ಯವಸ್ಥೆಯ ಭಾಗ. ಅವರು ಮೊದಲು ನೋಡುವುದು ಸಂಸಾರ ಉಳಿಯುತ್ತದೆಯೇ ಎಂದು. ಬೇಕಾದರೆ ಮನೆಯ ಪರಿಸ್ಥಿತಿ, ಮಗುವಿನ ಸ್ಥಿತಿ ನೋಡಿ ಜಡ್ಜ್‌ಗೆ ವರದಿಯನ್ನೂ ಕೊಡಬಹುದು. ಮೀಡಿಯೇಟರ್ ಬೇರೆ. ಹೆಚ್ಚಿನ ಸಲ ಅವರು 40 ಗಂಟೆಗಳ ತರಬೇತಿ ಪಡೆದ ವಕೀಲರು. ಒಟ್ಟಿಗೆ ಇರುವುದಾದರೂ ಸರಿ, ಬೇರೆ ಆಗುವುದಾದರೂ ಸರಿ, ಇಬ್ಬರೂ ಒಪ್ಪುವ ಒಂದು ದಾರಿ ಹುಡುಕಲು ನೆರವಾಗುವುದಷ್ಟೇ ಅವರ ಕೆಲಸ. ತೀರ್ಪು ಕೊಡುವ ಅಧಿಕಾರ ಅವರಿಗಿಲ್ಲ. ಯಾರು ಸರಿ, ಯಾರು ತಪ್ಪು ಎಂದು ಹೇಳುವ ಹಾಗೂ ಇಲ್ಲ.

ಒಳಗೆ ನಡೆದ ಮಾತು ಹೊರಗೆ ಹೋಗುವುದಿಲ್ಲ ಎಂಬ ಭರವಸೆಯ ಮೇಲೆಯೇ ಮೀಡಿಯೇಷನ್ ನಿಂತಿದೆ. ರಾಜಿ ಆದರೆ ಒಪ್ಪಂದ ಮಾತ್ರ ಕೋರ್ಟಿಗೆ ಹೋಗಬೇಕು. ಆಗದಿದ್ದರೆ "ಮೀಡಿಯೇಷನ್ ಫಲಿಸಲಿಲ್ಲ" ಎಂಬ ಒಂದು ಸಾಲು, ಅಷ್ಟೇ. ಯಾರು ಎಷ್ಟು ಕೊಡಲು ಒಪ್ಪಿದ್ದರು, ಯಾರು ಹಟ ಹಿಡಿದರು ಎಂದು ಬರೆಯಬಾರದು ಎಂದು 2010ರಲ್ಲೇ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಹಾಗಾಗಿ "ಮೀಡಿಯೇಷನ್‌ನಲ್ಲಿ ಹತ್ತು ಲಕ್ಷ ಕೊಡ್ತೀನಿ ಅಂದಿದ್ದರಲ್ಲ" ಎಂದು ಪಾಟಿ ಸವಾಲಿನಲ್ಲಿ ಕೇಳುವ ಹಾಗಿಲ್ಲ. ಆದರೆ ಇದಕ್ಕೊಂದು ಅಪವಾದ ಇದೆ, ಅದು ಮಗುವಿನ ವಿಷಯ. ಮಗುವಿನ ಸುಪರ್ದಿಯ ಕೇಸಿನಲ್ಲಿ ಮಗುವಿನ ಜೊತೆ ಮಾತಾಡಿ ಕೌನ್ಸೆಲರ್ ಅಥವಾ ಮೀಡಿಯೇಟರ್ ಕೊಟ್ಟ ವರದಿಯನ್ನು ಕೋರ್ಟು ನೋಡಬಹುದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮಗುವಿನ ಹಿತದ ಮುಂದೆ ಗುಟ್ಟಿನ ಹಕ್ಕು ಎರಡನೆಯದು.

ಬಾಗಿಲು ಹಾಕಿದ ಮೇಲೆ

ನಮ್ಮ ಜೋಡಿ ಮೀಡಿಯೇಷನ್ ಸೆಂಟರ್‌ಗೆ ಬಂತು ಎಂದುಕೊಳ್ಳಿ. ಕೋರ್ಟು ಕಳಿಸಿದ ಮೀಡಿಯೇಷನ್‌ಗೆ ಪಕ್ಷಗಾರರು ಸಾಮಾನ್ಯವಾಗಿ ಫೀಸು ಕೊಡಬೇಕಿಲ್ಲ. ಮೊದಲ ದಿನ ಎಲ್ಲರೂ ಒಂದೇ ಮೇಜಿನ ಸುತ್ತ ಕೂರುತ್ತಾರೆ: ಗಂಡ, ಹೆಂಡತಿ, ಎರಡೂ ಕಡೆಯ ವಕೀಲರು. ಮೀಡಿಯೇಟರ್ ನಿಯಮ ಹೇಳುತ್ತಾರೆ. ಇದು ಕಡ್ಡಾಯದ ರಾಜಿ ಅಲ್ಲ, ಇಲ್ಲಿ ಆಡಿದ ಮಾತು ಹೊರಗೆ ಹೋಗಲ್ಲ, ಒಬ್ಬರು ಮಾತಾಡುವಾಗ ಇನ್ನೊಬ್ಬರು ಅಡ್ಡ ಬಾಯಿ ಹಾಕಬಾರದು. ಆಮೇಲೆ ಇಬ್ಬರೂ ತಮ್ಮ ಕಥೆ ಹೇಳುತ್ತಾರೆ. ಅರ್ಜಿಯಲ್ಲಿ ಬರೆದ ಆರೋಪಗಳೇ ಮತ್ತೆ ಬರುತ್ತವೆ, ಧ್ವನಿ ಏರುತ್ತದೆ. ಅಪ್ಪ ಅಮ್ಮ ಕೂಡ ಬಂದಿದ್ದರೆ ಅವರನ್ನು ಹೊರಗೆ ಕೂರಿಸುವುದೇ ವಾಸಿ. ಮದುವೆ ಮಾತುಕತೆಯ ಕಾಲದ ಲೆಕ್ಕಗಳೆಲ್ಲ ಅವರ ಹತ್ತಿರವೇ ಇರುತ್ತವೆ.

ನಿಜವಾದ ಕೆಲಸ ನಡೆಯುವುದು ಪ್ರತ್ಯೇಕ ಮಾತುಕತೆಯಲ್ಲಿ. ಮೀಡಿಯೇಟರ್ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುತ್ತಾರೆ. ಅಲ್ಲಿ ಕೇಳಿದ್ದನ್ನು ಹೇಳಿದವರ ಒಪ್ಪಿಗೆ ಇಲ್ಲದೆ ಆ ಕಡೆಗೆ ದಾಟಿಸುವುದಿಲ್ಲ. ನಮ್ಮ ಜೋಡಿಯಲ್ಲಿ ಹೆಂಡತಿ 40 ಲಕ್ಷ ಕೇಳಿದ್ದಳು, ಗಂಡ 10 ಲಕ್ಷಕ್ಕಿಂತ ಒಂದು ಪೈಸೆ ಜಾಸ್ತಿ ಕೊಡಲ್ಲ ಎಂದಿದ್ದ. ಎದುರುಬದುರು ಕೂತಿದ್ದರೆ ಎರಡು ಅಂಕಿಗಳ ನಡುವೆ ಜಗ್ಗಾಟ ಆಗುತ್ತಿತ್ತು. ಪ್ರತ್ಯೇಕವಾಗಿ ಕೇಳಿದಾಗ ಅಂಕಿಗಳ ಹಿಂದಿನ ವಿಷಯ ಹೊರಬಿತ್ತು. ಫ್ಲಾಟ್ ಕೊಳ್ಳುವಾಗ ಅವಳು ತನ್ನ ಉಳಿತಾಯದಿಂದ 6 ಲಕ್ಷ ಹಾಕಿದ್ದಳು. ಅದು ಪರಿಹಾರ ಅಲ್ಲ, ತನ್ನದೇ ದುಡ್ಡು ಎಂಬುದು ಅವಳ ವಾದ. ಅವನಿಗೆ ಹಣಕ್ಕಿಂತ ಹೆಚ್ಚಿನ ಚಿಂತೆ 498ಎ ಕೇಸಿನದು. ಕೆಲಸದ ಮೇಲೆ ಹೊರದೇಶಕ್ಕೆ ಹೋಗಬೇಕು, ಕ್ರಿಮಿನಲ್ ಕೇಸು ಇರುವವರೆಗೆ ಪ್ರತಿ ಸಲವೂ ಕೋರ್ಟಿನ ಅನುಮತಿ ಬೇಕು. ಹಣ ಕೊಟ್ಟ ಮೇಲೂ ಕೇಸು ಹಾಗೇ ಉಳಿದರೆ ಎಂಬ ಭಯ ಅವನಿಗೆ. ಕೇಸು ಮುಗಿಸಿದ ಮೇಲೆ ಹಣ ಬರದಿದ್ದರೆ ಎಂಬ ಭಯ ಅವಳಿಗೆ.

ಎರಡು ಭಯಗಳೂ ಮೇಜಿನ ಮೇಲೆ ಬಂದ ಮೇಲೆ ಉಳಿದದ್ದು ಯಾವುದು ಮೊದಲು, ಯಾವುದು ಆಮೇಲೆ ಎಂಬ ಪ್ರಶ್ನೆ. ಮೂರ್ನಾಲ್ಕು ಸಲ ಕೂತ ಮೇಲೆ ಇಷ್ಟು ಒಪ್ಪಿಗೆ ಆಯಿತು. ಒಟ್ಟು 24 ಲಕ್ಷ. ಅದರಲ್ಲಿ 6 ಲಕ್ಷ ಫ್ಲಾಟ್‌ಗೆ ಅವಳು ಹಾಕಿದ ಹಣ, 18 ಲಕ್ಷ ಶಾಶ್ವತ ಜೀವನಾಂಶ. ಪರಸ್ಪರ ಒಪ್ಪಿಗೆಯ ಜಂಟಿ ಅರ್ಜಿ ಹಾಕುವ ದಿನ 8 ಲಕ್ಷ, ಎರಡನೇ ಸಲ ಕೋರ್ಟಿನ ಮುಂದೆ ಹೇಳಿಕೆ ಕೊಡುವ ದಿನ 8 ಲಕ್ಷ, ಹೈಕೋರ್ಟ್‌ನಲ್ಲಿ 498ಎ ಕೇಸು ರದ್ದಾಗುವ ದಿನ ಉಳಿದ 8 ಲಕ್ಷ. ಮೂರೂ ಡಿಡಿ ಮೂಲಕ. ಮಗಳು ತಾಯಿಯ ಜೊತೆ ಇರುತ್ತಾಳೆ. ಮಗಳ ಖರ್ಚಿಗೆ ತಿಂಗಳಿಗೆ 15,000, ಅದು ಬೇರೆ. ಫ್ಲಾಟ್ ಗಂಡನಿಗೆ.

ಎಲ್ಲರಿಗೂ ಈ ಕೋಣೆ ಹೊಂದುವುದಿಲ್ಲ. ಹೊಡೆತ ತಿಂದು ಬಂದವಳು ಎದುರಿಗೆ ಕೂತವನ ಮುಖ ನೋಡಿಯೇ ಉತ್ತರ ಕೊಡುತ್ತಿದ್ದರೆ, ಎಲ್ಲಕ್ಕೂ "ಆಯ್ತು" ಎನ್ನುತ್ತಿದ್ದರೆ, ಪ್ರತ್ಯೇಕ ಮಾತುಕತೆಯಲ್ಲಿ ಬೇರೆಯೇ ಮಾತು ಹೇಳುತ್ತಿದ್ದರೆ ಅದು ಒಪ್ಪಿಗೆ ಅಲ್ಲ. ಪಳಗಿದ ಮೀಡಿಯೇಟರ್ ಅಲ್ಲೇ ನಿಲ್ಲಿಸಿ ಕೇಸನ್ನು ಕೋರ್ಟಿಗೆ ವಾಪಸ್ ಕಳಿಸುತ್ತಾರೆ. ಪಕ್ಷಗಾರರೂ ಯಾವ ಹಂತದಲ್ಲಾದರೂ "ನನಗೆ ಬೇಡ" ಎಂದು ಎದ್ದು ಬರಬಹುದು. ಹಾಗೆ ಬಂದದ್ದಕ್ಕೆ ಕೇಸಿನಲ್ಲಿ ಏನೂ ಶಿಕ್ಷೆ ಇಲ್ಲ.

ಕಾಗದದಲ್ಲಿ ಬಿಟ್ಟುಹೋಗುವ ವಿಷಯಗಳು

ಒಪ್ಪಿದ್ದನ್ನು ಬರೆದು ಪಕ್ಷಗಾರರು, ವಕೀಲರು, ಮೀಡಿಯೇಟರ್ ಸಹಿ ಹಾಕುತ್ತಾರೆ. ನಮ್ಮ ರಾಜ್ಯದಲ್ಲಿ ಇದು ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಮು ಮತ್ತು 2005ರ ಕರ್ನಾಟಕ ಮೀಡಿಯೇಷನ್ ನಿಯಮಗಳ 24 ಮತ್ತು 25ನೇ ನಿಯಮದ ಕೆಳಗೆ ಕೋರ್ಟಿಗೆ ಹೋಗುತ್ತದೆ.

ಇಲ್ಲಿ ಅವಸರ ಮಾಡಿದರೆ ಆಮೇಲೆ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ. ನಾನು ಮೊದಲು ನೋಡುವುದು ಮಗುವಿನ ಭೇಟಿಯ ಸಾಲನ್ನು. "ಅನುಕೂಲವಾದಾಗ ತಂದೆ ಮಗುವನ್ನು ನೋಡಬಹುದು" ಎಂದು ಬರೆದಿದ್ದರೆ ಮುಂದಿನ ಜಗಳಕ್ಕೆ ಬೀಜ ಬಿತ್ತಿದ ಹಾಗೆ. ಯಾರ ಅನುಕೂಲ? ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಗ್ಗೆ 10ರಿಂದ ಸಂಜೆ 6, ಕರೆದುಕೊಂಡು ಹೋಗುವುದು ಬಿಡುವುದು ತಾಯಿಯ ಮನೆಯಿಂದ, ಬೇಸಿಗೆ ರಜೆಯ ಮೊದಲ ಅರ್ಧ ತಂದೆಯ ಜೊತೆ, ಮಗುವಿಗೆ ಪಾಸ್‌ಪೋರ್ಟ್ ಮಾಡಿಸಲು ಇಬ್ಬರೂ ಸಹಿ ಹಾಕುತ್ತಾರೆ. ಹೀಗೆ ಬರೆದರೆ ಜಾರಿ ಮಾಡಬಹುದು. ಕೇಸುಗಳ ಸಂಖ್ಯೆಯೂ ಅಷ್ಟೇ ಮುಖ್ಯ. "ಎಲ್ಲ ಕೇಸು ಹಿಂದಕ್ಕೆ ಪಡೆಯುತ್ತೇವೆ" ಎಂದರೆ ಸಾಲದು. ಯಾವ ಕೋರ್ಟು, ಯಾವ ನಂಬರು, ಯಾರು ಯಾವ ದಿನದೊಳಗೆ ಎಂದು ಬರೆಯಬೇಕು. ಗಂಡನ ಅಪ್ಪ ಅಮ್ಮನೂ ಆರೋಪಿಗಳಾಗಿದ್ದರೆ ಅವರ ಹೆಸರೂ ಅದರಲ್ಲಿ ಇರಬೇಕು.

ಫ್ಲಾಟ್ ವಿಷಯ ಇನ್ನೂ ಸೂಕ್ಷ್ಮ. ಹೆಂಡತಿ ತನ್ನ ಪಾಲು ಬಿಟ್ಟುಕೊಟ್ಟಳು ಎಂದು ಒಪ್ಪಂದದಲ್ಲಿ ಬರೆದಾಯಿತು, ಡಿಕ್ರಿಯೂ ಆಯಿತು ಎಂದುಕೊಳ್ಳಿ. ಆದರೆ ಆ ಫ್ಲಾಟ್ ಡೈವೋರ್ಸ್ ಅರ್ಜಿಯ ವಿಷಯವೇ ಆಗಿರಲಿಲ್ಲ. ನೋಂದಣಿ ಕಾಯ್ದೆಯ 17(2)(vi) ಕಲಮಿನ ಪ್ರಕಾರ ಕೋರ್ಟಿನ ಡಿಕ್ರಿಗೆ ನೋಂದಣಿ ಬೇಕಿಲ್ಲ, ಸರಿ. ಆದರೆ ರಾಜಿ ಡಿಕ್ರಿಯಲ್ಲಿ ಕೇಸಿನ ಹೊರಗಿನ ಸ್ಥಿರಾಸ್ತಿ ಸೇರಿದ್ದರೆ ಆ ವಿನಾಯಿತಿ ಅದಕ್ಕೆ ಸಿಗುವುದಿಲ್ಲ. ಹಾಗಾಗಿ ಅವಳು ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿಕೊಡಬೇಕು, ಅದು ಯಾವಾಗ ಎಂಬುದೂ ಒಪ್ಪಂದದಲ್ಲಿ ಇರಬೇಕು. ನಮ್ಮ ಜೋಡಿ ಅದನ್ನು ಎರಡನೇ ಕಂತು ಸಿಕ್ಕ 15 ದಿನದೊಳಗೆ ಎಂದು ಬರೆಸಿತು. ಸಾಲದ ಕಥೆ ಬೇರೆಯೇ. ಬ್ಯಾಂಕು ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಗಂಡನೇ ಕಂತು ಕಟ್ಟುತ್ತಾನೆ ಎಂದು ಇವರಿಬ್ಬರು ಬರೆದುಕೊಂಡರೆ ಬ್ಯಾಂಕಿಗೆ ಅದು ತಾಗುವುದಿಲ್ಲ. ಬ್ಯಾಂಕೇ ಒಪ್ಪಿ ಅವಳ ಹೆಸರು ತೆಗೆಯುವವರೆಗೆ ಅವನು ಕಟ್ಟದಿದ್ದರೆ ನೋಟಿಸ್ ಅವಳಿಗೂ ಬರುತ್ತದೆ.

ಕೆಲವು ವಿಷಯಗಳನ್ನು ಬರೆದರೂ ನಿಲ್ಲುವುದಿಲ್ಲ. "ಮಗುವಿನ ಖರ್ಚು ಎಂದೂ ಕೇಳುವುದಿಲ್ಲ" ಎಂದು ತಾಯಿ ಸಹಿ ಹಾಕಿದರೂ ಮಗುವಿನ ಹಕ್ಕು ಹೋಗುವುದಿಲ್ಲ, ಯಾಕೆಂದರೆ ಅದು ಅವಳ ಹಕ್ಕೇ ಅಲ್ಲ. ಹೆಂಡತಿಯ ಜೀವನಾಂಶದ ಬಗ್ಗೆಯೂ ಕರ್ನಾಟಕದ ಒಂದು ಕೇಸು ಇದೆ. ಲೋಕ ಅದಾಲತ್‌ನಲ್ಲಿ 8,000 ರೂಪಾಯಿ ಪಡೆದು, ಮುಂದೆ ಜೀವನಾಂಶ ಕೇಳುವುದಿಲ್ಲ ಎಂದು ಆಕೆ ಒಪ್ಪಿದ್ದರು. ಆಮೇಲೆ ಬೇರೆ ಕಾಯ್ದೆಯ ಕೆಳಗೆ ಜೀವನಾಂಶದ ದಾವೆ ಹಾಕಿದರು. ಆ ಹಳೆಯ ಒಪ್ಪಂದ ಈ ದಾವೆಗೆ ಅಡ್ಡಿ ಅಲ್ಲ ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಇನ್ನೂ ಮದುವೆ ಮುರಿದಿರಲಿಲ್ಲ ಎಂಬುದನ್ನು ಗಮನಿಸಿ.

ಕಾಗದ ಡಿಕ್ರಿ ಆಗುವುದು ಯಾವಾಗ

ಹಣದ ದಾವೆ, ಪಾಲಿನ ದಾವೆಗಳಲ್ಲಿ ಇದು ಸುಲಭ. ಒಪ್ಪಂದ ಬರಹದಲ್ಲಿದ್ದು, ಪಕ್ಷಗಾರರ ಸಹಿ ಇದ್ದು, ಕಾನೂನಿಗೆ ವಿರುದ್ಧ ಅಲ್ಲ ಎಂದು ಜಡ್ಜ್‌ಗೆ ಮನವರಿಕೆ ಆದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 23ನೇ ಆದೇಶದ 3ನೇ ನಿಯಮದ ಪ್ರಕಾರ ಅದನ್ನು ದಾಖಲಿಸಿ ಅದರಂತೆ ಡಿಕ್ರಿ ಮಾಡುತ್ತಾರೆ. ಡೈವೋರ್ಸ್ ಹಾಗಲ್ಲ. ಮದುವೆ ಮುರಿಯಲು ಇಬ್ಬರೂ ಒಪ್ಪಿದ್ದಾರೆ ಎಂಬುದೊಂದೇ ಸಾಲದು, ಕಾನೂನು ಹೇಳಿದ ಷರತ್ತುಗಳು ಪೂರ್ತಿ ಆಗಿರಬೇಕು. ಹಿಂದೂ ವಿವಾಹ ಕಾಯ್ದೆಯಲ್ಲಿ ಅದು 13ಬಿ ಕಲಮು, ವಿಶೇಷ ವಿವಾಹ ಕಾಯ್ದೆಯಲ್ಲಿ 28ನೇ ಕಲಮು.

13ಬಿ ಎರಡು ಹೆಜ್ಜೆಯದು. ಒಂದು ವರ್ಷವಾದರೂ ಬೇರೆ ಬೇರೆ ಇದ್ದು, ಇನ್ನು ಒಟ್ಟಿಗೆ ಬಾಳಲು ಆಗಲ್ಲ ಎಂದು ಇಬ್ಬರೂ ಸೇರಿ ಅರ್ಜಿ ಹಾಕುವುದು ಮೊದಲ ಹೆಜ್ಜೆ. ಗಂಡನ ಹಳೆಯ ಅರ್ಜಿಯನ್ನೇ ತಿದ್ದಿ 13ಬಿಗೆ ಬದಲಾಯಿಸುವುದೂ ಉಂಟು. ಅರ್ಜಿ ಹಾಕಿ ಆರು ತಿಂಗಳು ಕಳೆದ ಮೇಲೆ, ಹದಿನೆಂಟು ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು "ನಮ್ಮ ನಿರ್ಧಾರ ಬದಲಾಗಿಲ್ಲ" ಎನ್ನುವುದು ಎರಡನೇ ಹೆಜ್ಜೆ. ಈ ಆರು ತಿಂಗಳು ಎಲ್ಲ ಕೇಸಿಗೂ ಕಡ್ಡಾಯ ಅಲ್ಲ ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಮೊದಲ ಹೆಜ್ಜೆಗೆ ಮುಂಚೆಯೇ ಒಂದೂವರೆ ವರ್ಷ ಕಳೆದಿದ್ದರೆ, ರಾಜಿ ಮಾಡಿಸುವ ಪ್ರಯತ್ನಗಳು ಸೋತಿದ್ದರೆ, ಜೀವನಾಂಶ ಮತ್ತು ಮಗುವಿನ ವಿಷಯ ನಿಜವಾಗಿ ಇತ್ಯರ್ಥ ಆಗಿದ್ದರೆ, ಕಾಯುವುದರಿಂದ ಸಂಕಟ ಮಾತ್ರ ಉದ್ದವಾಗುತ್ತದೆ ಎಂದಾದರೆ ಜಡ್ಜ್ ಅದನ್ನು ಮನ್ನಾ ಮಾಡಬಹುದು. ನಮ್ಮ ಜೋಡಿ 2023ರಿಂದ ಬೇರೆ ಇದೆ, ಎಲ್ಲವೂ ಇತ್ಯರ್ಥ ಆಗಿದೆ. ಅವರು ಮನ್ನಾ ಕೋರಿ ಅರ್ಜಿ ಹಾಕಬಹುದು. ಸಿಗಲೇಬೇಕು ಎಂದಿಲ್ಲ, ಅದು ಜಡ್ಜ್ ವಿವೇಚನೆ.

ಹೇಳಿಕೆಯ ದಿನ ಜಡ್ಜ್ ಇಬ್ಬರನ್ನೂ ನೇರವಾಗಿ ಕೇಳುತ್ತಾರೆ. ಒಪ್ಪಂದ ಓದಿದ್ದೀರಾ, ಅರ್ಥ ಆಗಿದೆಯಾ, ಯಾರಾದರೂ ಒತ್ತಾಯ ಮಾಡಿದ್ದಾರಾ, ಹಣ ಸಿಕ್ಕಿದೆಯಾ, ಮತ್ತೆ ಒಟ್ಟಿಗೆ ಇರಲು ಸಾಧ್ಯವೇ ಇಲ್ಲವಾ. ಇದು ಸುಮ್ನೆ ಶಾಸ್ತ್ರಕ್ಕೆ ಅಲ್ಲ. ಹೆಂಡತಿ ಅಲ್ಲಿ ತಡವರಿಸಿದರೆ, "ಅಣ್ಣ ಹೇಳಿದ್ದಕ್ಕೆ ಸಹಿ ಹಾಕಿದೆ" ಎಂದರೆ ಜಡ್ಜ್ ಮತ್ತೆ ಕೌನ್ಸೆಲರ್ ಹತ್ತಿರ ಕಳಿಸಬಹುದು. ಸಮಾಧಾನ ಆದರೆ ಮಾತ್ರ ಒಪ್ಪಂದದ ಷರತ್ತುಗಳನ್ನು ಸೇರಿಸಿ ಡಿಕ್ರಿ ಮಾಡುತ್ತಾರೆ. ಮದುವೆ ಮುಗಿಯುವುದು ಆ ದಿನ.

ಅದಕ್ಕೆ ಮುಂಚೆ ಒಬ್ಬರು ಹಿಂದೆ ಸರಿದರೆ? ಡಿಕ್ರಿ ಆಗುವವರೆಗೆ ಒಪ್ಪಿಗೆಯನ್ನು ವಾಪಸ್ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಮೊದಲ 8 ಲಕ್ಷ ತೆಗೆದುಕೊಂಡ ಹೆಂಡತಿ ಎರಡನೇ ಹೆಜ್ಜೆಗೆ ಬರಲೇ ಇಲ್ಲ ಎಂದುಕೊಳ್ಳಿ. ಅಥವಾ ಕ್ರಿಮಿನಲ್ ಕೇಸು ಮುಗಿದ ಕೂಡಲೇ ಗಂಡ ನಾಪತ್ತೆ. ಒಪ್ಪಿಗೆ ಕೊಡಲೇಬೇಕು ಎಂದು ಕೋರ್ಟು ಒತ್ತಾಯ ಮಾಡುವ ಹಾಗಿಲ್ಲ. ಆದರೆ ಕೋರ್ಟಿಗೇ ಕೊಟ್ಟ ವಚನವನ್ನು ಬೇಕೆಂದೇ ಮುರಿದರೆ ನ್ಯಾಯಾಂಗ ನಿಂದನೆ ಆಗಬಹುದು, ಪಡೆದ ಲಾಭವನ್ನು ವಾಪಸ್ ಕೊಡಿಸಬಹುದು ಎಂದು ದೆಹಲಿ ಹೈಕೋರ್ಟ್ 2018ರಲ್ಲಿ ಹೇಳಿತು. ಅದಕ್ಕೇ ಪಳಗಿದ ವಕೀಲರು ಎರಡು ಕೆಲಸ ಮಾಡುತ್ತಾರೆ. ಯಾರಾದರೂ ಹಿಂದೆ ಸರಿದರೆ ಪಡೆದ ಹಣ ಎಷ್ಟು ದಿನದಲ್ಲಿ ವಾಪಸ್, ಹಳೆಯ ಕೇಸುಗಳು ಏನಾಗುತ್ತವೆ ಎಂದು ಮೊದಲೇ ಬರೆಸುತ್ತಾರೆ. ಹಣವನ್ನೂ ಕೇಸು ಮುಗಿಸುವುದನ್ನೂ ಒಂದಕ್ಕೊಂದು ಕಟ್ಟಿಹಾಕುತ್ತಾರೆ, ಈ ಜೋಡಿಯ ಮೂರು ಕಂತುಗಳ ಹಾಗೆ.

498ಎ ಕೇಸನ್ನು ದೂರು ಕೊಟ್ಟವಳೇ ಹೋಗಿ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಅದು ರಾಜಿಯಾಗುವ ಅಪರಾಧಗಳ ಪಟ್ಟಿಯಲ್ಲಿ ಇಲ್ಲ. ಹೈಕೋರ್ಟಿಗೆ ಅರ್ಜಿ ಹಾಕಿ, ಹೆಂಡತಿ ಅಫಿಡವಿಟ್ ಕೊಟ್ಟು, ಹೈಕೋರ್ಟ್ ತನ್ನ ವಿಶೇಷ ಅಧಿಕಾರ ಬಳಸಿ ಕೇಸು ರದ್ದು ಮಾಡಬೇಕು. ಹೀಗೆ ಮಾಡಬಹುದು ಎಂಬುದನ್ನು 2003ರಿಂದಲೇ ಸುಪ್ರೀಂ ಕೋರ್ಟ್ ಒಪ್ಪಿದೆ. ಕೊನೆಯ ಡಿಡಿ ಕೈ ಬದಲಾಗುವುದು ಆ ದಿನ.

ಡಿಕ್ರಿ ಆದ ಮೇಲೆ ಅದಕ್ಕೆ ಬೇರೆ ಯಾವುದೇ ಸಿವಿಲ್ ಡಿಕ್ರಿಯಷ್ಟೇ ಬಲ. ಕೊನೆಯ 8 ಲಕ್ಷ ಬರದಿದ್ದರೆ ಅವಳು ಹೊಸ ದಾವೆ ಹಾಕಬೇಕಿಲ್ಲ. ಅದೇ ಕೋರ್ಟಿನಲ್ಲಿ ಅಮಲ್ಜಾರಿ ಅರ್ಜಿ ಹಾಕಿ ಅವನ ಸಂಬಳ, ಬ್ಯಾಂಕ್ ಖಾತೆ, ಫ್ಲಾಟ್ ಜಪ್ತಿಗೆ ಕೇಳಬಹುದು. ಅದಕ್ಕೆ 12 ವರ್ಷ ಕಾಲಾವಕಾಶ ಇದೆ. ಇಬ್ಬರ ಒಪ್ಪಿಗೆಯಿಂದ ಆದ ಡಿಕ್ರಿ ಮೇಲೆ ಅಪೀಲು ಇಲ್ಲ ಎಂದು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 19(2) ಹೇಳುತ್ತದೆ. ಮೋಸದಿಂದ ಸಹಿ ಹಾಕಿಸಿಕೊಂಡಿದ್ದಾರೆ ಎಂಬ ತಕರಾರು ಇದ್ದರೆ ರಾಜಿಯನ್ನು ದಾಖಲಿಸಿದ ಕೋರ್ಟಿನ ಮುಂದೆಯೇ ಹೋಗಬೇಕು, ಅದನ್ನು ರದ್ದು ಮಾಡಿ ಎಂದು ಬೇರೆ ದಾವೆ ಹಾಕಲು ಬರುವುದಿಲ್ಲ.

ಮಗಳ ವಿಷಯಕ್ಕೆ ಮಾತ್ರ ಈ ಬೀಗ ಬೀಳುವುದಿಲ್ಲ. ಶಾಲೆ ಬದಲಾಯಿತು, ತಾಯಿಗೆ ಬೇರೆ ಊರಿಗೆ ವರ್ಗವಾಯಿತು, 15,000 ಸಾಲದಾಯಿತು, ಅಥವಾ ಹನ್ನೆರಡು ವರ್ಷದ ಮಗಳೇ ಶನಿವಾರ ಡ್ಯಾನ್ಸ್ ಕ್ಲಾಸ್ ಇದೆ ಎಂದಳು. ಹಿಂದೂ ವಿವಾಹ ಕಾಯ್ದೆಯ 26ನೇ ಕಲಮಿನ ಕೆಳಗೆ ಯಾರು ಬೇಕಾದರೂ ಮತ್ತೆ ಅರ್ಜಿ ಹಾಕಿ ಭೇಟಿಯ ದಿನ, ಖರ್ಚಿನ ಮೊತ್ತ ಬದಲಾಯಿಸಿ ಎಂದು ಕೇಳಬಹುದು. ಆಗ ಜಡ್ಜ್ ಅಪ್ಪ ಅಮ್ಮ ಅಂದು ಏನು ಒಪ್ಪಿದ್ದರು ಎಂಬುದನ್ನು ನೋಡಿದರೂ ನಿರ್ಧರಿಸುವುದು ಮಗಳಿಗೆ ಈಗ ಏನು ಬೇಕು ಎಂಬುದರ ಮೇಲೆ.